4 ಲಕ್ಷದ ಸ್ಟಾಕ್, ಮೂರು ಅಂಗಡಿ

ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆ ಇದು. ಒಂದು ದಿನಸಿ ಅಂಗಡಿ, ಒಂದು ಮೆಡಿಕಲ್, ಬಂದರಿನ ಹತ್ತಿರ ಬೋಟ್ ಇಂಜಿನ್‌ನ ಬಿಡಿಭಾಗದ ಅಂಗಡಿ. ಮೂರರಲ್ಲೂ ಸರಾಸರಿ 4 ಲಕ್ಷದ ಮಾಲು ಉಂಟು ಅಂತ ಇಟ್ಟುಕೊಳ್ಳುವ. ಆ ಮಾಲು ಎಷ್ಟು ದಿನಕ್ಕೆ ಸಾಕು ಅಂತ ಲೆಕ್ಕ ಹಾಕಿ ನೋಡುವ.

ದಿನಸಿ ಅಂಗಡಿಯಲ್ಲಿ ವರ್ಷಕ್ಕೆ ಮಾರಿದ ಮಾಲಿನ ಖರೀದಿ ಬೆಲೆ 73 ಲಕ್ಷ. ಅಂದರೆ ದಿನಕ್ಕೆ 20 ಸಾವಿರ. ಸ್ಟಾಕ್ 20 ದಿನಕ್ಕೆ ಸಾಕು, ವರ್ಷಕ್ಕೆ 18 ಸಲ ತಿರುಗ್ತದೆ. ಇಲ್ಲಿ ಮಾರಾಟದ ಬೆಲೆ ಹಿಡಿಯಬೇಡಿ ಮಾರಾಯ್ರೆ. ಲಾಭ ಸೇರಿಸಿ 85 ಲಕ್ಷ ಅಂತ ಹಿಡಿದರೆ 17 ದಿನ ಅಂತ ಬರ್ತದೆ, ಮಾಲು ಇದ್ದದ್ದಕ್ಕಿಂತ ಬೇಗ ಖಾಲಿಯಾಗುವ ಹಾಗೆ ಕಾಣ್ತದೆ. ಆ 20 ದಿನವೂ ಸರಾಸರಿ ಅಷ್ಟೆ. ಬಸಳೆ, ಹಾಲು ಅದೇ ದಿನ ಹೋಗಬೇಕು, ಕುಚ್ಚಲಕ್ಕಿ ತಿಂಗಳು ಕೂತರೂ ತೊಂದರೆ ಇಲ್ಲ.

ಮೆಡಿಕಲ್‌ನಲ್ಲಿ ದಿನಕ್ಕೆ ಮಾರಿದ ಮಾಲಿನ ಖರೀದಿ ಬೆಲೆ 10 ಸಾವಿರ, ಹಾಗಾಗಿ 40 ದಿನ. ದಿನಸಿಯವರು ಹೌಹಾರಿಯಾರು, ಆದರೆ ಡಾಕ್ಟರು ಬರೆದ ಮಾತ್ರೆ ಇಲ್ಲ ಅಂದರೆ ಗಿರಾಕಿ ಪೂರ್ತಿ ಚೀಟಿಯನ್ನೇ ಹಿಡಿದುಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ. ಅದಕ್ಕೇ ನಿಧಾನಕ್ಕೆ ಹೋಗುವ ಮದ್ದೂ ಸ್ವಲ್ಪ ಇರಬೇಕಾಗ್ತದೆ. ಅಪಾಯ ಬೇರೆ ಕಡೆ ಉಂಟು. ಒಂದು ಮಾತ್ರೆಯ 30 ಸ್ಟ್ರಿಪ್ ಉಂಟು, ತಿಂಗಳಿಗೆ ಹೋಗುವುದು 2. ಅಂದರೆ 15 ತಿಂಗಳ ದಾಸ್ತಾನು. ಎಕ್ಸ್‌ಪೈರಿಗೆ ಇರುವುದು 8 ತಿಂಗಳು. ಅಷ್ಟರಲ್ಲಿ 16 ಸ್ಟ್ರಿಪ್ ಮಾರಾಟ ಆಗ್ತದೆ, 14 ಉಳೀತದೆ. ಅಂಗಡಿಯ ಸರಾಸರಿ 40 ದಿನ ಇದನ್ನು ತೋರಿಸುವುದೇ ಇಲ್ಲ. ಒಂದೊಂದು ಮದ್ದಿಗೂ ಉಳಿದ ದಾಸ್ತಾನು ದಿನವನ್ನು ಎಕ್ಸ್‌ಪೈರಿಯ ಜೊತೆ ಇಟ್ಟು ನೋಡಬೇಕು, ಡಿಸ್ಟ್ರಿಬ್ಯೂಟರ್ ವಾಪಸು ತಗೊಳ್ಳುವ ಗಡುವು ದಾಟುವ ಮೊದಲೇ.

ಬಿಡಿಭಾಗದ ಅಂಗಡಿಯಲ್ಲಿ ದಿನಕ್ಕೆ 2 ಸಾವಿರ. 200 ದಿನ! ಕೆಟ್ಟ ಅಂಗಡಿ ಅನ್ನಬೇಡಿ. ಗೇರ್‌ಬಾಕ್ಸ್ ಕೆಟ್ಟ ಬೋಟು ದಕ್ಕೆಯಲ್ಲಿ ನಿಂತರೆ, ದಿನದ ಗಳಿಕೆ ಹೋಗ್ತದೆ, ಜನ ಖಾಲಿ ಕೂತಿರ್ತಾರೆ. ಆ ಹೊತ್ತಿಗೆ ಗೇರ್ ಇಟ್ಟವನಿಗೇ ವ್ಯಾಪಾರ. ಇನ್ನೊಂದು ವಿಷಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ರಿಪೇರಿ ಎಲ್ಲ ಆಗ. ಅದಕ್ಕೆ ಮೇ ತಿಂಗಳಲ್ಲಿ ಸ್ಟಾಕ್ ತುಂಬ್ತದೆ, ಆಗಸ್ಟ್‌ನಲ್ಲಿ ಇಳೀತದೆ. ಮಾರ್ಚ್ 31ರ ಒಂದೇ ಅಂಕಿ ಸಾಲದು, 12 ತಿಂಗಳ ಕೊನೆಯ ಸ್ಟಾಕ್ ಕೂಡಿಸಿ ಸರಾಸರಿ ತೆಗೆಯಿರಿ.

ಈ 200 ದಿನದೊಳಗೆ ಎರಡು ಬಗೆಯ ಮಾಲು ಉಂಟು. ಫಿಲ್ಟರ್, ಬೆಲ್ಟ್, ಆಯಿಲ್ ಸೀಲ್ 30 ದಿನದಲ್ಲಿ ತಿರುಗದಿದ್ದರೆ ಖರೀದಿ ಜಾಸ್ತಿಯಾಗಿದೆ. ಗೇರ್ ಸೆಟ್ ವರ್ಷಕ್ಕೆ ಒಂದು ಹೋದರೂ ಸರಿ. ಆದರೆ ಎರಡು ರಿಪೇರಿ ಸೀಸನ್ ದಾಟಿಯೂ ಒಂದೂ ಹೋಗದಿದ್ದರೆ, ಆ ಇಂಜಿನ್ ಇರುವ ಬೋಟು ಬಂದರಿನಲ್ಲಿ ಇನ್ನೂ ಉಂಟಾ ಅಂತ ಮೆಕ್ಯಾನಿಕ್ಕನ್ನು ಕೇಳಿ. ಇಲ್ಲದಿದ್ದರೆ ಆ ಸೆಟ್ಟನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡಿ.