400 ಅಡಿ ಅಂದರೆ ಎಲ್ಲಿಂದ 400 ಅಡಿ?

ದಾವಣಗೆರೆಯ ಸ್ಟುಡಿಯೋ ಗೆಳೆಯರಿಗೆಲ್ಲ ನಮಸ್ಕಾರ.

ಇಲ್ಲಿ ಬಂದಿರುವವರಲ್ಲಿ ಬಹುಪಾಲು ಮದುವೆ ಶೂಟಿಂಗ್ ಮಾಡುವವರು. ನಾನೂ ಅಲ್ಲಿಂದಲೇ ಡ್ರೋನ್ ಸರ್ವೆಗೆ ಬಂದವನು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ನನಗೆ ಗೊತ್ತು: "ನನ್ನ ಡ್ರೋನ್‌ಗೆ ಸರ್ಟಿಫಿಕೇಟ್ ಬೇಕಾ?" ತಕ್ಕಡಿಯ ಮೇಲಿಟ್ಟು ನೋಡಿ. 250 ಗ್ರಾಂ ಒಳಗಿದ್ದರೆ ಅದು ನ್ಯಾನೊ, ದುಡ್ಡಿಗೆ ಹಾರಿಸಿದರೂ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. 250 ಗ್ರಾಂ ದಾಟಿ 2 ಕೆಜಿವರೆಗಿನದು ಮೈಕ್ರೊ. ಅದನ್ನು ಶೋಕಿಗೆ ಹಾರಿಸಿದರೆ ಸರ್ಟಿಫಿಕೇಟ್ ಬೇಡ, ಆದರೆ ಪಾರ್ಟಿಯಿಂದ ಅಡ್ವಾನ್ಸ್ ತಗೊಂಡು ಹಾರಿಸಿದರೆ ಬೇಕೇ ಬೇಕು. 2021ರ ಡ್ರೋನ್ ನಿಯಮಗಳು ಹೇಳುವುದು ಇದನ್ನೇ. 249 ಗ್ರಾಂ ಡ್ರೋನ್‌ಗೆ ಪ್ರೊಪೆಲ್ಲರ್ ಗಾರ್ಡ್ ಹಾಕಿದಿರೋ, ತೂಕ 250 ದಾಟಿತು ಅಂತಲೇ ಲೆಕ್ಕ.

ಸರ್ಟಿಫಿಕೇಟ್‌ಗೆ ವಯಸ್ಸು 18ರಿಂದ 65ರ ಒಳಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಮಾನ್ಯತೆಯ ತರಬೇತಿ ಸಂಸ್ಥೆಯಲ್ಲಿ ಕಲಿತು ಪರೀಕ್ಷೆ ಪಾಸು ಮಾಡಬೇಕು. ಸಿಕ್ಕರೆ 10 ವರ್ಷ ಚಾಲ್ತಿ. ತರಬೇತಿಯಲ್ಲಿ ನಿಯಮ, ಹವಾಮಾನ, ಬ್ಯಾಟರಿ ಪಾಠ ಆದಮೇಲೆ ಸಿಮ್ಯುಲೇಟರ್, ಆಮೇಲೆ ಮೈದಾನ. ಮೈದಾನದಲ್ಲಿ ಜಿಪಿಎಸ್ ಆಫ್ ಮಾಡಿಸಿ ಹಾರಿಸಿದರೆ ಡ್ರೋನ್ ಗಾಳಿಗೆ ತೇಲಿಕೊಂಡು ಹೋಗುತ್ತದೆ, ರಿಮೋಟಿನ ಕಡ್ಡಿ ಆಡಿಸಿ ನಾವೇ ನಿಲ್ಲಿಸಬೇಕು. ಕಲ್ಯಾಣ ಮಂಟಪದ ಕಬ್ಬಿಣದ ಶೀಟಿನ ಕೆಳಗೆ ಆಗುವುದೂ ಅದೇ. ಅಲ್ಲಿ ಉಳಿದವನು ಎಲ್ಲಿಯೂ ಉಳಿಯುತ್ತಾನೆ.

ಆದರೆ ಸರ್ವೆ ಮಾಡುವುದನ್ನು ಆ ಸರ್ಟಿಫಿಕೇಟ್ ಕಲಿಸುವುದಿಲ್ಲ. ನಾನು ಕಲಿತದ್ದು ಎಡವಿ.

ಹೊಳಲ್ಕೆರೆ ಕಡೆ ಒಂದು ಕಲ್ಲುಕ್ವಾರಿ, ಸುಮಾರು 20 ಎಕರೆ. ಎಷ್ಟು ಕಲ್ಲು ತೆಗೆದಿದ್ದಾರೆ ಅನ್ನುವ ಲೆಕ್ಕ ಬೇಕಿತ್ತು. ಗುಡ್ಡದ ಬುಡದಲ್ಲಿ ನಿಂತು 100 ಮೀಟರ್ ಎತ್ತರ ಸೆಟ್ ಮಾಡಿದೆ. ನನ್ನ ಕ್ಯಾಮೆರಾದ ಒಂದು ಫೋಟೊ ಆ ಎತ್ತರದಿಂದ ನೆಲದಲ್ಲಿ 150 ಮೀಟರ್ ಅಗಲ, 100 ಮೀಟರ್ ಉದ್ದ ಹಿಡಿಯುತ್ತದೆ, ಒಂದು ಪಿಕ್ಸೆಲ್ ಅಂದರೆ ಸುಮಾರು 2.7 ಸೆಂಟಿಮೀಟರ್. ಫೋಟೊಗಳನ್ನು ಹೊಲಿದು ನಕ್ಷೆ ಮಾಡಬೇಕಾದರೆ ಒಂದರ ಮೇಲೊಂದು ಬೀಳಬೇಕು: ಮುಂದಕ್ಕೆ 80 ಶೇಕಡ, ಪಕ್ಕಕ್ಕೆ 70. ಅಂದರೆ 20 ಮೀಟರಿಗೊಂದು ಫೋಟೊ, 45 ಮೀಟರಿಗೊಂದು ಸಾಲು. ಎಲ್ಲ ಸರಿಯಾಗಿತ್ತು.

ಕಂಪ್ಯೂಟರಿನಲ್ಲಿ ನಕ್ಷೆ ಬಂದಾಗ ಕ್ವಾರಿಯ ಮಾಲೀಕರು ನೋಡಿ, "ಏನ್ರಿ, ಗುಡ್ಡದ ನೆತ್ತಿ ಕರಗಿ ಹೋಗೈತಲ್ಲ?" ಅಂದರು. ನಿಜ. ಬುಡವೆಲ್ಲ ಚೊಕ್ಕ, ನೆತ್ತಿಯಲ್ಲಿ ತೂತು, ಬಂಡೆಗಳ ಅಂಚು ಮೇಣದ ಹಾಗೆ ಇಳಿದಿತ್ತು.

ಆಗಿದ್ದಿಷ್ಟೆ. ನೆತ್ತಿ ಬುಡಕ್ಕಿಂತ 40 ಮೀಟರ್ ಮೇಲಿತ್ತು. ಡ್ರೋನ್‌ನ 100 ಮೀಟರ್ ಲೆಕ್ಕ ಅದು ಎದ್ದ ಜಾಗದಿಂದ. ನೆತ್ತಿಯ ಮೇಲೆ ಉಳಿದದ್ದು 60 ಮೀಟರ್ ಮಾತ್ರ, ಫೋಟೊ ಹಿಡಿದದ್ದು 90 ಮೀಟರ್ ಅಗಲ. 45 ಮೀಟರಿಗೊಂದು ಸಾಲು ಅಂದರೆ ಪಕ್ಕದ ಫೋಟೊಗಳು ಒಂದರ ಮೇಲೊಂದು ಬೀಳುವುದು 70ರಿಂದ 50 ಶೇಕಡಕ್ಕೆ ಇಳಿಯಿತು. ಕಡಿದಾದ ಬಂಡೆಗೆ ಅದು ಸಾಲದು.

"ಹಾಗಾದರೆ ನೆತ್ತಿ ಮೇಲಿಂದಲೇ 100 ಮೀಟರಿಗೆ ಏರಿಸ್ತೀನಿ" ಅಂತ ಯಾರಿಗಾದರೂ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಆಗ ಬುಡದ ಮೇಲೆ ಡ್ರೋನ್ 140 ಮೀಟರಿನಲ್ಲಿರುತ್ತದೆ, ಸುಮಾರು 460 ಅಡಿ. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದ ಮಿತಿ ಡ್ರೋನ್ ಕೆಳಗಿನ ನೆಲದಿಂದ 400 ಅಡಿ, ಅಂದರೆ 120 ಮೀಟರ್. ಪರದೆಯ ಮೇಲೆ 100 ಅಂತಲೇ ತೋರಿಸುತ್ತಿರುತ್ತದೆ, ನೀವು ಮಾತ್ರ ಮಿತಿ ಮೀರಿರುತ್ತೀರಿ. ಬೆಟ್ಟಗುಡ್ಡದ ಈ ಸೀಮೆಯಲ್ಲಿ ಇದು ಗೊತ್ತಾಗದೆ ಆಗುವ ತಪ್ಪು.

ಎರಡನೇ ಸಲ ನೆತ್ತಿಯಿಂದ 75 ಮೀಟರ್ ಹಿಡಿದೆ, ಬುಡದ ಮೇಲೆ 115 ಆಯಿತು. ಅಂತರಗಳನ್ನು ನೆತ್ತಿಯ ಲೆಕ್ಕಕ್ಕೇ ಇಳಿಸಿದೆ: 15 ಮೀಟರಿಗೊಂದು ಫೋಟೊ, 34 ಮೀಟರಿಗೊಂದು ಸಾಲು. ಫೋಟೊ ಜಾಸ್ತಿ, ಬ್ಯಾಟರಿಯೂ ಒಂದು ಜಾಸ್ತಿ. ಬುಡ, ನಡು, ನೆತ್ತಿಯಲ್ಲಿ ಸುಣ್ಣದಿಂದ ದಪ್ಪ ಪ್ಲಸ್ ಗುರುತು ಬಳಿದು, ಫೋನಿನ ಜಿಪಿಎಸ್‌ಗಿಂತ ನಿಖರವಾದ ಡಿಜಿಪಿಎಸ್‌ನಿಂದ ಅವುಗಳ ಎತ್ತರ ಅಳೆದೆ. ಎಲ್ಲ ಗುರುತುಗಳನ್ನೂ ಸಾಫ್ಟ್‌ವೇರಿಗೆ ಕೊಡಬೇಡಿ, ಎರಡು ಮೂರನ್ನು ಜೇಬಿನಲ್ಲಿಟ್ಟುಕೊಳ್ಳಿ. ನಕ್ಷೆ ತಯಾರಾದ ಮೇಲೆ ಅವುಗಳ ಎತ್ತರ ಹೋಲಿಸಿದರೆ ನಿಮ್ಮ ಕೆಲಸದ ತಪ್ಪು ಎಷ್ಟು ಅನ್ನುವುದು ತಿಳಿಯುತ್ತದೆ. ಗುರುತುಗಳೆಲ್ಲ ಬುಡದಲ್ಲೇ ಇದ್ದರೆ ನೆತ್ತಿಯ ತಪ್ಪು ಕಾಣುವುದೇ ಇಲ್ಲ.

ಇನ್ನೊಂದು ಮಾತು. ಜಮೀನಿನವರು ಬಂದು ಇದರಲ್ಲೇ ಹದ್ದುಬಸ್ತು ಮಾಡಿಕೊಡಿ ಅಂತಾರೆ. ಒಪ್ಪಬೇಡಿ. ನಮ್ಮ ನಕ್ಷೆ ಬದು ಎಲ್ಲಿದೆ ಅಂತ ತೋರಿಸುತ್ತದೆ, ಎಲ್ಲಿರಬೇಕಿತ್ತು ಅಂತ ಹೇಳುವುದು ಸರ್ವೆ ಇಲಾಖೆಯ ಕೆಲಸ.

ಹಾಗೇ ಚಳ್ಳಕೆರೆ ಕಡೆ ಆರ್ಡರ್ ಬಂದರೆ ರೇಟು ಹೇಳುವ ಮೊದಲೇ ಸರ್ಕಾರದ ಡ್ರೋನ್ ವಲಯಗಳ ಡಿಜಿಟಲ್ ಸ್ಕೈ ನಕ್ಷೆ ತೆಗೆದು ಜಾಗದ ಬಣ್ಣ ನೋಡಿ. ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿದೆ. ಕೆಂಪು ಬಣ್ಣವಿದ್ದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ನಿಮ್ಮ 249 ಗ್ರಾಂ ಡ್ರೋನ್ ಕೂಡ ಏಳುವಂತಿಲ್ಲ.

ಈಗ ಪ್ರಶ್ನೆಗಳಿದ್ದರೆ ಕೇಳಿ.