ಲಗ್ನಪತ್ರಿಕೆಯಲ್ಲಿ ಯಾವ ಅಂಕಿ?

ಕೇಳುಗರೆ, ನಮಸ್ಕಾರ.

ಇವತ್ತು ನಾನು ಮಾತಾಡುವ ವಿಷಯಕ್ಕೆ ರೇಡಿಯೋ ಅಷ್ಟೇನೂ ಹೊಂದುವುದಿಲ್ಲ. ಯಾಕೆಂದರೆ ಇಲ್ಲಿ ನಾನು "ಇಪ್ಪತ್ತಮೂರು" ಅಂದರೆ ಅದು ಕನ್ನಡ ಅಂಕಿಯೋ, ನಾವು ಇಂಗ್ಲಿಷ್ ಅಂಕಿ ಅಂತ ಕರೆಯುವ ಅಂಕಿಯೋ ನಿಮಗೆ ಗೊತ್ತಾಗುವುದೇ ಇಲ್ಲ. ಕಿವಿಗೆ ಎರಡೂ ಒಂದೇ. ತಕರಾರು ಇರುವುದು ಕಾಗದದ ಮೇಲೆ. ಹಾಗಾಗಿ ಹತ್ತಿರ ಒಂದು ಪೆನ್ನು ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೆರಳಲ್ಲಿ ಮೇಜಿನ ಮೇಲೆ ಬರೆದು ನೋಡಿದರೂ ಸಾಕು.

ನಾನು ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಇವೇ ನಮ್ಮ ಕೆಲಸ. ಆರ್ಡರ್ ಕೊಡಲು ಬಂದವರನ್ನು ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಂಕಿ ಕನ್ನಡದಲ್ಲೋ, ಇಂಗ್ಲಿಷಲ್ಲೋ?" ಹೆಚ್ಚಿನವರು ಒಂದು ಕ್ಷಣ ನಿಲ್ಲುತ್ತಾರೆ. ಆಮೇಲೆ "ಕನ್ನಡದಲ್ಲೇ ಹಾಕಿ, ಎಲ್ಲಾ ಕನ್ನಡದಲ್ಲೇ ಇರಲಿ" ಅನ್ನುತ್ತಾರೆ. ಆ "ಎಲ್ಲಾ" ಅನ್ನುವ ಮಾತಿನಲ್ಲೇ ಸಮಸ್ಯೆ ಇರುವುದು.

ಒಂದು ಪತ್ರಿಕೆಯ ಕಥೆ ಹೇಳುತ್ತೇನೆ. ಮದುವೆ 2025ರ ಫೆಬ್ರವರಿ 23, ಭಾನುವಾರ. ಹುಡುಗಿಯ ತಂದೆ ಕನ್ನಡ ಮೇಷ್ಟ್ರು. ಅವರು ಆರಿಸಿದ್ದು ಕಡುಗೆಂಪು ಕಾಗದ, ಅದರ ಮೇಲೆ ಚಿನ್ನದ ಬಣ್ಣದ ಸ್ಕ್ರೀನ್ ಪ್ರಿಂಟಿಂಗ್. ದಿನಾಂಕ ೨೩-೦೨-೨೦೨೫ ಅಂತ ಕನ್ನಡ ಅಂಕಿಯಲ್ಲಿ. ಕೆಳಗೆ ಮೂರು ಮೊಬೈಲ್ ನಂಬರು, ಅವೂ ಕನ್ನಡದಲ್ಲೇ, ಸಣ್ಣ ಅಕ್ಷರದಲ್ಲಿ. ಪ್ರೂಫ್ ತೋರಿಸಿದೆವು, ಮೇಷ್ಟ್ರು ಒಪ್ಪಿದರು, ಅಚ್ಚಾಯಿತು, ಹಂಚಿದ್ದೂ ಆಯಿತು.

ನಾಲ್ಕು ದಿನ ಕಳೆದ ಮೇಲೆ ಮೇಷ್ಟ್ರು ಅಂಗಡಿಗೆ ಬಂದರು. ಅವರ ಅಕ್ಕ ಊರಿನಿಂದ ಫೋನ್ ಮಾಡಿ ಬೈದರಂತೆ. "ಶಿವರಾತ್ರಿ ಮಾರನೇ ದಿನ, ಅಮಾವಾಸ್ಯೆ ದಿನ ಮದುವೆ ಇಟ್ಟಿದ್ದೀಯಲ್ಲೋ, ಪಂಚಾಂಗ ನೋಡಿದ್ದು ಯಾರು?" ಅಂತ. ಆ ವರ್ಷ ಶಿವರಾತ್ರಿ ಫೆಬ್ರವರಿ 26ಕ್ಕೆ, ಅಮಾವಾಸ್ಯೆ 27ಕ್ಕೆ. ಅಂದರೆ ಆ ಅಕ್ಕ, ಹುಡುಗಿಯ ಸೋದರತ್ತೆ, ೨೩ನ್ನು ೨೭ ಅಂತ ಓದಿದ್ದರು.

ಈಗ ಪೆನ್ನು ಹಿಡಿಯಿರಿ. ಕನ್ನಡದ ೩ ಬರೆಯಿರಿ, ಪಕ್ಕದಲ್ಲಿ ೭ ಬರೆಯಿರಿ. ಎರಡರಲ್ಲೂ ಮೇಲೊಂದು ಬಾಗು ಇದೆ. ಕೆಳಗಿನ ಗೆರೆ ಎರಡರಲ್ಲೂ ಬಲಕ್ಕೆ ಹರಿದು ಮೇಲಕ್ಕೆ ಏಳುತ್ತದೆ. ಬೇರೆ ಮಾಡುವುದು ಮೂರರ ನಡುವೆ ಬರುವ ಆ ಸಣ್ಣ ಮಡಿಕೆ ಮಾತ್ರ. ಬಿಳಿ ಕಾಗದದ ಮೇಲೆ ಕಪ್ಪು ಇಂಕಿನಲ್ಲಿ, ದೊಡ್ಡದಾಗಿ ಹಾಕಿದರೆ ಮಡಿಕೆ ಚೆನ್ನಾಗಿ ಕಾಣುತ್ತದೆ. ಸ್ಕ್ರೀನ್ ಪ್ರಿಂಟಿಂಗಿನ ಇಂಕು ದಪ್ಪ. ಅದು ತುಸು ಹರಡುತ್ತದೆ, ಮಡಿಕೆ ತುಂಬಿಕೊಳ್ಳುತ್ತದೆ. ಮೂರು ಏಳಾಗುತ್ತದೆ. ಇದೇ ರೀತಿ ೦ ಮತ್ತು ೧. ಕನ್ನಡದ ಒಂದು ಅಂದರೆ ಕೆಳಗೆ ಬಾಯಿ ಬಿಟ್ಟ ಸೊನ್ನೆ, ಅಲ್ವಾ? ಇಂಕು ಆ ಬಾಯಿಯನ್ನು ಮುಚ್ಚಿದರೆ ಒಂದು ಹೋಗಿ ಸೊನ್ನೆ ಆಯಿತು. ೬ ಮತ್ತು ೯ ಇನ್ನೊಂದು ಜೋಡಿ. ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಹುಡುಗನಿಗೆ ನಾನು ಹೇಳಿಕೊಟ್ಟಿರುವುದು ಈ ಮೂರು ಜೋಡಿಗಳನ್ನೇ. ಉಳಿದ ಅಂಕಿಗಳ ತಂಟೆ ಅಷ್ಟಿಲ್ಲ.

ಆದರೂ ಅತ್ತೆಯವರ ತಪ್ಪು ಅಲ್ಲಿಗೇ ನಿಂತಿತು, ನೋಡಿ. ಅವರಿಗೆ ಅನುಮಾನ ಬಂತು. ಯಾಕೆ? ದಿನಾಂಕದ ಜೊತೆ ಬೇರೆ ಸಾಕ್ಷಿಗಳೂ ಇದ್ದವು. "ಮಾಘ ಬಹುಳ ದಶಮಿ" ಅಂತ ಅಕ್ಷರದಲ್ಲಿತ್ತು. "ಭಾನುವಾರ" ಅಂತಲೂ ಇತ್ತು. 27 ಆದರೆ ಗುರುವಾರ ಆಗಬೇಕು. ತಿಥಿ, ವಾರ, ತಾರೀಖು ಮೂರೂ ಒಂದನ್ನೊಂದು ಕಾಯುತ್ತವೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಲಗ್ನಪತ್ರಿಕೆಯ ತಾರೀಖು ಕನ್ನಡ ಅಂಕಿಗೆ ಒಳ್ಳೆಯ ಜಾಗ. ಅಲ್ಲಿ ಅದು ಚೆಂದವಾಗಿಯೂ ಕಾಣುತ್ತದೆ, ತಪ್ಪು ಓದಿದರೆ ಹಿಡಿಯುವವರೂ ಇರುತ್ತಾರೆ. ಒಂದೇ ಮಾತು, ತಿಂಗಳನ್ನು ಅಂಕಿಯಲ್ಲಿ ಹಾಕಬೇಡಿ. "ಫೆಬ್ರವರಿ ೨೩, ಭಾನುವಾರ" ಅಂತ ಬರೆಯಿರಿ. ತಪ್ಪಾಗಬಹುದಾದ ಎರಡು ಅಂಕಿ ಅಲ್ಲೇ ಕಡಿಮೆಯಾಗುತ್ತವೆ.

ಫೋನ್ ನಂಬರಿನ ಕಥೆ ಹೀಗಲ್ಲ. ಹತ್ತು ಅಂಕಿಗಳಲ್ಲಿ ಪ್ರತಿಯೊಂದೂ ಒಂಟಿ. ಏಳನೇ ಅಂಕಿ ತಪ್ಪಿದರೆ ಎಂಟನೇ ಅಂಕಿ ಬಂದು "ಇದು ಸರಿಯಿಲ್ಲ" ಅಂತ ಹೇಳುವುದಿಲ್ಲ. ಸುಮ್ನೆ ಬೇರೆ ಯಾರದೋ ಮನೆಯ ಫೋನು ಬಡಿಯುತ್ತದೆ. ಮೇಷ್ಟ್ರ ಪತ್ರಿಕೆಯಲ್ಲಿ ಆಗಿದ್ದೂ ಅದೇ. ಅವರ ಮೂರನೇ ನಂಬರಿನ ಕೊನೆ ೩೭೩ ಅಂತಿತ್ತು. ಅದನ್ನು ಯಾರು ಹೇಗೆ ಓದಿದರೋ, ಆ ನಂಬರಿಗೆ ಬರಬೇಕಾದ ಕರೆಗಳಲ್ಲಿ ಎಷ್ಟೋ ಬರಲೇ ಇಲ್ಲ. ಆ ನಂಬರು ಕಲ್ಯಾಣ ಮಂಟಪದ ದಾರಿ ಹೇಳಬೇಕಾದ ಭಾವಮೈದುನನದು. ಅವನು ಮಾತ್ರ ಆರಾಮಾಗಿದ್ದ.

ಇನ್ನೊಂದು ಇದೆ. ಫೋನ್ ನಂಬರನ್ನು ಯಾರೂ ಓದಿ ಬಿಡುವುದಿಲ್ಲ, ಒತ್ತುತ್ತಾರೆ. ಒತ್ತುವ ಗುಂಡಿಗಳ ಮೇಲೆ ಸಾಮಾನ್ಯವಾಗಿ ಇರುವುದು 1, 2, 3. ಕಾಗದದಲ್ಲಿ ಕನ್ನಡ ಅಂಕಿ ಇದ್ದರೆ ಕಣ್ಣು ಹತ್ತು ಸಲ ಬದಲಾಯಿಸಿಕೊಳ್ಳಬೇಕು. ಕನ್ನಡ ಅಂಕಿ ಚೆನ್ನಾಗಿ ಬರುವವರೂ ಇಲ್ಲಿ ಜಾರುತ್ತಾರೆ. ಯಾಕೆಂದರೆ ಕೆಲವು ಅಂಕಿಗಳು ಮೋಸದ ನೆಂಟರು. ಕನ್ನಡದ ೨ ಮತ್ತು 2 ಅಣ್ಣ ತಮ್ಮಂದಿರ ಹಾಗೆ, ತೊಂದರೆ ಇಲ್ಲ. ಆದರೆ ೪ ನೋಡಿ, ಮೇಲೆ ಬಾಯಿ ತೆರೆದ 8ರ ಹಾಗೆ ಕಾಣುತ್ತದೆ. ೧ ಕಂಡರೆ ಬೆರಳು 0 ಕಡೆ ಹೋಗುತ್ತದೆ. ಅವಸರದಲ್ಲಿ ೭ 2ರ ಹಾಗೂ ಕಾಣಬಹುದು. ಕನ್ನಡ ಅಂಕಿ ಬಾರದವರು, ಅಂದರೆ ಬೆಂಗಳೂರಿನ ಕ್ಯಾಬ್ ಡ್ರೈವರೋ, ಮುಂಬೈನಲ್ಲಿ ಓದಿದ ಮೊಮ್ಮಗನೋ, ಅವರ ಮಾತು ಬಿಡಿ.

ಇಲ್ಲಿ ಯಾರಾದರೂ "ಹಾಗಾದರೆ ಇಂಗ್ಲಿಷ್ ಅಂಕಿಗೆ ಶರಣಾಗಬೇಕಾ?" ಅಂತ ಕೇಳುತ್ತಾರೆ. ಮೇಷ್ಟ್ರೂ ಕೇಳಿದರು. ಆ ಹೆಸರೇ ಸರಿಯಿಲ್ಲ, ನೋಡಿ. 1, 2, 3 ಇಂಗ್ಲಿಷಿನವರದಲ್ಲ. ಅವು ನಮ್ಮ ದೇಶದಿಂದ ಅರಬರ ಮೂಲಕ ಯುರೋಪಿಗೆ ಹೋದ ಅಂಕಿಗಳ ಮಕ್ಕಳು. ನಮ್ಮ ಸಂವಿಧಾನದ 343ನೇ ವಿಧಿ ಅವನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಅಂತಲೇ ಕರೆಯುತ್ತದೆ. ಮೇಷ್ಟ್ರಿಗೆ ಈ ಮಾತು ಸ್ವಲ್ಪ ಸಮಾಧಾನ ಕೊಟ್ಟಿತು, ಪೂರ್ತಿ ಅಲ್ಲ.

ಬೆಲೆಯ ವಿಷಯದಲ್ಲಿ ಆಯ್ಕೆ ನಮ್ಮ ಕೈಯಲ್ಲಿ ಅಷ್ಟಿಲ್ಲ. ಮಹಿಳಾ ಸಂಘದವರೊಬ್ಬರು ಚಟ್ನಿಪುಡಿ ಪ್ಯಾಕೆಟ್ಟಿಗೆ ಲೇಬಲ್ ಮಾಡಿಸಲು ಬಂದಿದ್ದರು. ಎಲ್ಲಾ ಕನ್ನಡದಲ್ಲಿ, ಬೆಲೆ ೬೦ ರೂಪಾಯಿ, ತೂಕ ೨೦೦ ಗ್ರಾಂ. ನೋಡಲು ಬಹಳ ಚೆನ್ನಾಗಿತ್ತು. ಆದರೆ ಪ್ಯಾಕೆಟ್ ಮಾಡಿದ ಸಾಮಾನುಗಳಿಗೆ 2011ರ ನಿಯಮಗಳಿವೆ. ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಿಸಿದವರ ಹೆಸರು ಇಂಥ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು ಅನ್ನುತ್ತವೆ. ಕನ್ನಡವನ್ನು ಜೊತೆಗೆ ಹಾಕಬಹುದು, ಅದರ ಬದಲಿಗೆ ಅಲ್ಲ. ನನಗೆ ಈ ನಿಯಮ ಇಷ್ಟವಿಲ್ಲ, ಅದು ಬೇರೆ ಮಾತು. ಅಂಕಿಗಳ ಮಟ್ಟಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಈ ಅಂತರರಾಷ್ಟ್ರೀಯ ರೂಪವನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಕೊನೆಗೆ ಆ ಲೇಬಲ್ಲಿನಲ್ಲಿ ಹೆಸರು, ಬಳಸುವ ಬಗೆ ದೊಡ್ಡ ಕನ್ನಡದಲ್ಲಿ ಬಂತು. ವಿವರಗಳ ಚೌಕದೊಳಗೆ 60 ಮತ್ತು 200 ಕೂತವು, ಪಕ್ಕದಲ್ಲೇ ಕನ್ನಡದ ಸಾಲೂ ಬಂತು. ಹೋಟೆಲಿನ ಗೋಡೆಯ ಮೇಲಿನ ತಿಂಡಿ ಪಟ್ಟಿಯಾದರೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಇಡ್ಲಿ ೪೦ ಅಂತ ಹಾಕಿ. ಯಾರಾದರೂ 80 ಅಂದುಕೊಂಡು ಗಾಬರಿಯಾದರೆ ಕ್ಯಾಷಿನಲ್ಲಿ ಕೂತವರು ಹೇಳುತ್ತಾರೆ.

ಈಗ ಅಂಕಿ ತಾನಾಗಿಯೇ ಬದಲಾಗುವ ಒಂದು ವಿಚಿತ್ರ. ನಮ್ಮಂಥ ಪ್ರೆಸ್ಸುಗಳಲ್ಲಿ ಇನ್ನೂ "ನುಡಿ" ಅನ್ನುವ ಹಳೆಯ ಕನ್ನಡ ಫಾಂಟುಗಳು ಓಡುತ್ತಿವೆ. ಅವುಗಳಲ್ಲಿ ಒಂದೇ ಅಕ್ಷರರೂಪಕ್ಕೆ ಎರಡು ಫಾಂಟು ಇರುತ್ತವೆ, ನುಡಿ 01 ಇ ಮತ್ತು ನುಡಿ 01 ಕೆ. ಇ ಹಾಕಿದರೆ 1, 2, 3. ಕೆ ಹಾಕಿದರೆ ೧, ೨, ೩. ಒತ್ತುವ ಕೀಲಿ ಒಂದೇ, ಕಾಣುವ ಮುಖ ಬೇರೆ. ಇಡೀ ಪತ್ರಿಕೆಯನ್ನು ಆರಿಸಿಕೊಂಡು ಒಂದು ಸಲ ಫಾಂಟು ಬದಲಿಸಿದರೆ ತಾರೀಖು, ಮುಹೂರ್ತ, ಫೋನು, ಮನೆ ನಂಬರು, ಪಿನ್ ಕೋಡು ಎಲ್ಲಾ ಒಟ್ಟಿಗೆ ಮಗುಚಿಕೊಳ್ಳುತ್ತವೆ. "ಎಲ್ಲಾ ಕನ್ನಡದಲ್ಲಿ" ಅನ್ನುವ ಆರ್ಡರು ನಮಗೆ ಅಷ್ಟು ಸುಲಭವಾಗಿ ಕಾಣುವುದು ಈ ಕಾರಣಕ್ಕೇ. ಫೋನ್ ನಂಬರಿನ ಸಾಲಿಗೆ ಮಾತ್ರ ಇ ಬೇಕು ಅಂದರೆ ಆ ಸಾಲನ್ನು ಬೇರೆ ಆರಿಸಿ ಮಾಡಬೇಕು. ಅರ್ಧ ನಿಮಿಷದ ಕೆಲಸ, ಆದರೆ ಮರೆಯುತ್ತದೆ.

ಯುನಿಕೋಡಿನಲ್ಲಿ ಹಾಗಿಲ್ಲ. ಅಲ್ಲಿ 1 ಮತ್ತು ೧ ಬೇರೆ ಬೇರೆ ಅಕ್ಷರಗಳು, ಫಾಂಟು ಬದಲಿಸಿದರೂ ಅಂಕಿ ಹಾಗೇ ಇರುತ್ತದೆ. ಅಲ್ಲಿ ಬರುವ ತಪ್ಪು ಇನ್ನೊಂದು ಬಗೆಯದು. ಕನ್ನಡದ ಸೊನ್ನೆ ಸಿಗದೆ ಟೈಪ್ ಮಾಡುವವರು ಅನುಸ್ವಾರ ಒತ್ತುತ್ತಾರೆ. "ಅಂ"ನಲ್ಲಿ ಬರುವ ಆ ಸೊನ್ನೆ. ಪರದೆಯ ಮೇಲೆ ಎರಡೂ ದುಂಡಗೆ, ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಸೊನ್ನೆಯ ಪಕ್ಕದಲ್ಲಿ ಚುಕ್ಕಿಚುಕ್ಕಿಯ ಒಂದು ಉಂಗುರ ಕಾಣಿಸಿಕೊಳ್ಳಬಹುದು. ಅದು ಕಂಡರೆ ಅಲ್ಲಿ ಸೊನ್ನೆ ಇಲ್ಲ, ಅನುಸ್ವಾರ ಇದೆ ಅಂತ ತಿಳಿಯಿರಿ.

ಈ ವರ್ಷ ಮೇಷ್ಟ್ರ ಎರಡನೇ ಮಗಳ ಮದುವೆ. ಮತ್ತೆ ನಮ್ಮಲ್ಲಿಗೇ ಬಂದರು, ಅದು ಅವರ ದೊಡ್ಡತನ. ಮತ್ತೆ ಅದೇ ಕಡುಗೆಂಪು ಕಾಗದ, ಅದೇ ಚಿನ್ನದ ಬಣ್ಣ. ತಾರೀಖು, ಮುಹೂರ್ತ ಕನ್ನಡ ಅಂಕಿಯಲ್ಲಿ, ಹಿಂದಿಗಿಂತ ದೊಡ್ಡದಾಗಿ, ತಿಂಗಳು ಅಕ್ಷರದಲ್ಲಿ. ಫೋನ್ ನಂಬರು 1, 2, 3ರಲ್ಲಿ, ಐದೈದು ಅಂಕಿಯಾಗಿ ಒಡೆದು, ನಡುವೆ ಸ್ವಲ್ಪ ಜಾಗ ಬಿಟ್ಟು. ಪ್ರೂಫ್ ಕೈಗೆ ಕೊಟ್ಟಾಗ ಅವರು ಅದನ್ನು ಓದಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು, ಪ್ರೂಫ್ ನೋಡಿಕೊಂಡು ಮೂರೂ ನಂಬರಿಗೆ ಒಂದೊಂದಾಗಿ ಫೋನ್ ಹಚ್ಚಿದರು. ಮೊದಲನೆಯದು ಅವರ ಹೆಂಡತಿ ಎತ್ತಿದರು. ಎರಡನೆಯದು ಅವರದೇ, ಬ್ಯುಸಿ ಬಂತು. ಮೂರನೆಯದನ್ನು ಭಾವಮೈದುನ ಎತ್ತಿ, "ಈ ಸಲ ನನ್ನ ನಂಬರ್ ಬಿಟ್ಟುಬಿಡಿ ಭಾವ" ಅಂದ.

ನಮಸ್ಕಾರ.