ಕೆರೆಯ ನೀರು ಬೆಂಕಿಯವರೆಗೆ: ಸರದಿ ಪಂಪಿಂಗ್ ನಡೆಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ತಿಪಟೂರಿನ ಸುತ್ತಮುತ್ತಲ ಊರುಗಳಲ್ಲಿ ತೆಂಗಿನ ನಾರು ತೆಗೆಯುವ ಘಟಕಗಳಿವೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಂಥದೊಂದು ಘಟಕದ ಅಂಗಳದಲ್ಲಿ ಒಣಗಿದ ನಾರಿನ ರಾಶಿಗೆ ಬೆಂಕಿ ಬಿದ್ದಿದೆ ಎಂದು ಭಾವಿಸೋಣ. ಸ್ಥಳಕ್ಕೆ ಬಂದ ಅಗ್ನಿಶಾಮಕ ವಾಹನದ ಟ್ಯಾಂಕಿನಲ್ಲಿ 4,500 ಲೀಟರ್ ನೀರಿದೆ. ಎರಡು ಕಡೆಯಿಂದ ನೀರು ಹೊಡೆಯಲು ನಿಮಿಷಕ್ಕೆ 900 ಲೀಟರ್ ಬೇಕೆಂದರೆ ಆ ಟ್ಯಾಂಕು ಐದೇ ನಿಮಿಷದಲ್ಲಿ ಬರಿದಾಗುತ್ತದೆ. ಆದರೆ ನಾರಿನ ರಾಶಿಯ ಮೇಲಿನ ಜ್ವಾಲೆ ಆರಿದರೂ ಒಳಗಿನ ಕೆಂಡ ಗಂಟೆಗಟ್ಟಲೆ ಉಳಿಯುತ್ತದೆ. ಊರಿನಲ್ಲಿ ಬೆಂಕಿ ಆರಿಸಲು ನೀರು ಕೊಡುವ ಕೊಳಾಯಿ, ಅಂದರೆ ಹೈಡ್ರಂಟ್ ಇಲ್ಲ. ಇರುವುದು 600 ಮೀಟರ್ ಆಚೆಗೆ ಒಂದು ಕೆರೆ, ಅದೂ ಘಟಕಕ್ಕಿಂತ 12 ಮೀಟರ್ ತಗ್ಗಿನಲ್ಲಿ. ಒಂದು ಪಂಪಿನಿಂದ ಇನ್ನೊಂದಕ್ಕೆ ನೀರು ದಾಟಿಸುವ ಸರದಿ ಪಂಪಿಂಗಿನಿಂದ ಆ ನೀರು ಇಲ್ಲಿಗೆ ಬರುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ನೀರು ಕೆರೆಯಿಂದ ಪಂಪಿಗೆ ಏರಬೇಕು. ಪಂಪು ನೀರನ್ನು ಎಳೆದುಕೊಳ್ಳುತ್ತದೆ ಎಂದು ನಾವು ತಿಳಿದಿರುತ್ತೇವೆ, ಆದರೆ ಅದು ಮಾಡುವುದು ಇಷ್ಟೇ: ಸಕ್ಷನ್ ಹೋಸಿನೊಳಗಿನ ಗಾಳಿಯನ್ನು ಹೊರಹಾಕುತ್ತದೆ. ಆಮೇಲೆ ಕೆರೆಯ ಮೇಲ್ಮೈಯನ್ನು ಒತ್ತುತ್ತಿರುವ ವಾತಾವರಣವೇ ನೀರನ್ನು ಹೋಸಿನೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತಬಲ್ಲದು, ಕೆಲಸಕ್ಕೆ ಒದಗುವುದು ಅದರಲ್ಲಿ ಸುಮಾರು 7 ಮೀಟರ್ ಮಾತ್ರ. ಮಂಗಳೂರಿನಲ್ಲಿ ಸಿಗುವಷ್ಟು ಬೆಂಗಳೂರಿನಲ್ಲಿ ಸಿಗುವುದಿಲ್ಲ, ಏಕೆಂದರೆ 900 ಮೀಟರ್ ಎತ್ತರದ ಬಯಲುಸೀಮೆಯಲ್ಲಿ ಗಾಳಿಯ ಒತ್ತಡ ಕಡಿಮೆಯಿದ್ದು, ಸುಮಾರು ಒಂದು ಮೀಟರಿನಷ್ಟು ಎತ್ತರ ಅಲ್ಲಿಯೇ ಕಳೆದುಹೋಗುತ್ತದೆ. ಎಷ್ಟೇ ಶಕ್ತಿಯ ಎಂಜಿನ್ ತಂದರೂ ಈ ಮಿತಿಯನ್ನು ದಾಟಲಾಗದು. ನಮ್ಮ ಆಳವಾದ ತೆರೆದ ಬಾವಿಗಳಿಂದ ದಡದ ಮೇಲಿನ ಪಂಪು ನೀರೆತ್ತಲು ಸೋಲುವುದು ಇದೇ ಕಾರಣಕ್ಕೆ.

ಆದ್ದರಿಂದ ಪಂಪನ್ನು ನೀರಿಗೆ ಎಷ್ಟು ಸಮೀಪ ಒಯ್ಯಬಹುದೋ ಅಷ್ಟು ಸಮೀಪ ಒಯ್ಯಬೇಕು. ಬೇಸಿಗೆಯಲ್ಲಿ ಇದು ಸುಲಭವಲ್ಲ. ಬೆಂಕಿ ಹೆಚ್ಚುವ ತಿಂಗಳುಗಳಲ್ಲೇ ಕೆರೆಯ ನೀರು ಏರಿಯಿಂದ ದೂರ ಸರಿದು, ನಡುವೆ ಕೆಸರು ಉಳಿದಿರುತ್ತದೆ. ಭಾರದ ವಾಹನವನ್ನು ಅಲ್ಲಿಗೆ ಇಳಿಸಿದರೆ ಚಕ್ರ ಹೂತುಹೋಗುತ್ತದೆ, ಹಾಗಾಗಿ ಕೈಯಲ್ಲಿ ಹೊತ್ತೊಯ್ಯುವ ಪೋರ್ಟಬಲ್ ಪಂಪೇ ಇಲ್ಲಿ ಸರಿಯಾದ ಸಾಧನ. ಸಕ್ಷನ್ ಹೋಸು ನೀರಿನಿಂದ ಪಂಪಿನವರೆಗೆ ಒಂದೇ ಸಮನೆ ಏರುತ್ತಿರಬೇಕು. ನಡುವೆ ಕಲ್ಲುಕಟ್ಟಡದ ಮೇಲೆ ಅದು ಗೂನಿನಂತೆ ಉಬ್ಬಿದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ತುದಿಯಲ್ಲಿ ಕಸ ತಡೆಯುವ ಜಾಲರಿ, ಅಂದರೆ ಸ್ಟ್ರೈನರ್, ನೀರಿನ ಮೇಲ್ಮೈಗಿಂತ ಎರಡಡಿಯಾದರೂ ಕೆಳಗಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಒಳನುಗ್ಗುತ್ತದೆ. ಅದೇ ಸ್ಟ್ರೈನರ್ ಹೂಳನ್ನೂ ಮುಟ್ಟಬಾರದು. ಅದನ್ನು ಬಿದಿರಿನ ಬುಟ್ಟಿಯೊಳಗಿಟ್ಟು, ಮುಚ್ಚಿದ ಖಾಲಿ ಕ್ಯಾನಿಗೆ ಹಗ್ಗದಿಂದ ಕಟ್ಟಿ ತೇಲಿಬಿಟ್ಟರೆ ಜೊಂಡಿನ ಕಾಟವೂ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ಇನ್ನೂ ಒಂದು ಅಪಾಯವಿದೆ: ಹಾಳೆಯೇ ಸ್ಟ್ರೈನರಿಗೆ ಅಂಟಿಕೊಂಡು ದಾರಿ ಮುಚ್ಚಬಹುದು. ಆ ಹಾಳೆಯ ಇಳಿಜಾರಿನಲ್ಲಿ ಕಾಲು ಜಾರಿದವರಿಗೆ ಮೇಲೆ ಬರಲಾಗುವುದಿಲ್ಲ, ಆದ್ದರಿಂದ ನೀರಿನಂಚಿಗೆ ಇಳಿಯುವವರ ಸೊಂಟಕ್ಕೆ ಹಗ್ಗ ಇರಲೇಬೇಕು.

ಎಲ್ಲವೂ ಸರಿಯಿದೆಯೇ ಎಂಬುದನ್ನು ಪಂಪಿನ ನಿರ್ವಾತ ಗೇಜು ಹೇಳುತ್ತದೆ. ನಮ್ಮ ಕೆರೆಯಲ್ಲಿ ನೀರಿನಿಂದ ಪಂಪಿನ ಎತ್ತರ 3 ಮೀಟರ್ ಆದರೆ, ನೀರು ಏರುವ ಹೊತ್ತಿಗೆ ಮುಳ್ಳು ಸುಮಾರು 0.3 ಬಾರ್ ನಿರ್ವಾತ ತೋರಿಸಬೇಕು. ಮುಳ್ಳು ಮೇಲೇಳದೇ ಇದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ. ಕಪ್ಲಿಂಗಿನ ವಾಷರ್ ಬಿದ್ದುಹೋಗಿರಬಹುದು, ಇಲ್ಲವೇ ನೀರು ಬಸಿಯುವ ಕಾಕ್ ತೆರೆದಿರಬಹುದು. ಮುಳ್ಳು ಬಹಳ ಮೇಲೇರಿಯೂ ನೀರು ಬಾರದಿದ್ದರೆ ಸ್ಟ್ರೈನರ್ ಮುಚ್ಚಿಕೊಂಡಿದೆ. ಪಂಪು ನಡೆಯುತ್ತಿರುವಾಗ ನಿರ್ವಾತ ನಿಧಾನವಾಗಿ ಹೆಚ್ಚುತ್ತಾ, ಪಂಪಿನಿಂದ ಹೊರಹೋಗುವ ನೀರಿನ ಒತ್ತಡ ಇಳಿಯುತ್ತಾ ಬಂದರೆ ಕಸ ಸೇರುತ್ತಿದೆ ಎಂದರ್ಥ. ಒಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳಿಸಿದರೆ, ಬರುತ್ತಿರುವುದಕ್ಕಿಂತ ಹೆಚ್ಚು ನೀರನ್ನು ಪಂಪು ಬೇಡುತ್ತಿದೆ. ಆಗ ಎಂಜಿನ್ ವೇಗವನ್ನು ಇಳಿಸಬೇಕು.

ಇನ್ನು 600 ಮೀಟರ್ ದೂರದ ಲೆಕ್ಕ. 63 ಮಿಲಿಮೀಟರ್ ಅಗಲದ, 30 ಮೀಟರ್ ಉದ್ದದ ಹೋಸುಗಳು ಒಂದು ಸಾಲಿಗೆ ಇಪ್ಪತ್ತು ಬೇಕು. ನಿಮಿಷಕ್ಕೆ 900 ಲೀಟರ್ ಹರಿದಾಗ ಪ್ರತಿ ಹೋಸಿನಲ್ಲೂ ಘರ್ಷಣೆಯಿಂದ ಸುಮಾರು 0.8 ಬಾರ್ ಒತ್ತಡ ನಷ್ಟವಾಗುತ್ತದೆ. ಇಪ್ಪತ್ತಕ್ಕೆ 16 ಬಾರ್, ಜೊತೆಗೆ 12 ಮೀಟರ್ ಏರಿಗೆ 1.2 ಬಾರ್. ಒಂದು ಪಂಪು 7 ಬಾರ್ ಕೊಟ್ಟು, ಮುಂದಿನ ಪಂಪಿನ ಬಾಯಿಗೆ 1 ಬಾರ್ ಉಳಿಸಬೇಕೆಂದರೆ, ದಾರಿಗೆ ಸಿಗುವುದು 6 ಬಾರ್. ಹಾಗಾದರೆ ಸುಮಾರು 200 ಮೀಟರಿಗೊಂದರಂತೆ ಮೂರು ಪಂಪುಗಳು, ಕೊನೆಯಲ್ಲಿ ಬೆಂಕಿಯ ಬಳಿ ನಾಲ್ಕನೆಯದು. ಗ್ರಾಮಾಂತರದಲ್ಲಿ ಇಷ್ಟು ಪಂಪುಗಳು ಒಂದೆಡೆ ಸೇರುವಷ್ಟರಲ್ಲಿ ರಾಶಿ ಬೂದಿಯಾಗಿರುತ್ತದೆ.

ಇಲ್ಲಿ ಒಂದು ಉಪಾಯವಿದೆ. ಹರಿವು ಅರ್ಧವಾದರೆ ಘರ್ಷಣೆಯ ನಷ್ಟ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಸಾಲು ಹೋಸು ಹಾಸಿ ಒಂದೊಂದರಲ್ಲಿ 450 ಲೀಟರ್ ಹರಿಸಿದರೆ ಪ್ರತಿ ಹೋಸಿನ ನಷ್ಟ 0.2 ಬಾರ್, ಇಪ್ಪತ್ತಕ್ಕೆ ಕೇವಲ 4 ಬಾರ್. ಏರಿನ 1.2 ಹಾಗೂ ಉಳಿಕೆಯ 1 ಸೇರಿಸಿದರೂ 6.2 ಬಾರ್ ಸಾಕು. ಅಂದರೆ ಕೆರೆಯಲ್ಲೊಂದು ಪಂಪು, ಬೆಂಕಿಯ ಬಳಿ ವಾಹನದ ಪಂಪು, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ನಲವತ್ತು ಹೋಸು ಬೇಕೆಂಬುದು ನಿಜ, ಆದರೆ ಹೋಸು ಸುತ್ತಿ ತರುವುದು ಪಂಪು ತರುವುದಕ್ಕಿಂತ ಹಗುರ. ನನ್ನ ಅಭಿಪ್ರಾಯದಲ್ಲಿ ಹೆಚ್ಚುವರಿ ಪಂಪಿಗಾಗಿ ಕಾಯುವ ಮೊದಲು ಎರಡನೆಯ ಸಾಲನ್ನು ಹಾಸಬೇಕು. ಹಳೆಯ, ಒಳಪದರ ಒರಟಾದ ಹೋಸುಗಳಲ್ಲಿ ನಷ್ಟ ಇನ್ನೂ ಹೆಚ್ಚಿರುವುದರಿಂದ ಈ ಲೆಕ್ಕಕ್ಕೆ ಸ್ವಲ್ಪ ಸಡಿಲ ಇಟ್ಟುಕೊಳ್ಳಬೇಕು.

ಒಂದು ಸಂಗತಿ ಮರೆಯುವುದು ಸುಲಭ. ಖಾಲಿ ಹೋಸುಗಳೇ ನೀರು ಕುಡಿಯುತ್ತವೆ. 600 ಮೀಟರಿನ ಎರಡು ಸಾಲು ತುಂಬಲು ಸುಮಾರು 3,700 ಲೀಟರ್ ಬೇಕು, ಅಂದರೆ ಕೆರೆಯ ಪಂಪು ಶುರುವಾದ ಮೇಲೂ ನಾಲ್ಕು ನಿಮಿಷ ಬೆಂಕಿಯ ಬಳಿ ಹನಿ ನೀರೂ ಬಾರದು. ಹೋಸು ಹಾಸುವ ಹೊತ್ತು ಇದರ ಮೇಲೆ. ಆದ್ದರಿಂದ ವಾಹನದಲ್ಲಿರುವ 4,500 ಲೀಟರನ್ನು ಮೊದಲಿಗೆ ಹೋಸಿನ ತುದಿಯ ನಳಿಗೆಯಾದ ಒಂದೇ ಸಣ್ಣ ಬ್ರಾಂಚಿನಿಂದ, ಬೆಂಕಿ ಪಕ್ಕದ ಕಟ್ಟಡಕ್ಕೆ ಹರಡದಂತೆ ತಡೆಯಲು ಮಾತ್ರ ಬಳಸುತ್ತಾ ಕಾಯಬೇಕು. ಈ ನಡುವೆ ತುಂಬುತ್ತಿರುವ ಸಾಲಿನ ಗಾಳಿ ಹೊರಹೋಗಲು ಎರಡನೆಯ ಪಂಪಿನ ಒಂದು ಕವಾಟ ತೆರೆದಿರಬೇಕು.

ನೀರು ಬಂದ ನಂತರ ಎರಡನೆಯ ಪಂಪಿನವರು ತಮ್ಮ ಬಾಯಿಗೆ ಬರುವ ಒತ್ತಡದ ಮೇಲೆ ಕಣ್ಣಿಟ್ಟಿರಬೇಕು. ಅದು ಕುಸಿಯುತ್ತಿದೆ ಎಂಬುದಕ್ಕೆ ಗೇಜಿಗಿಂತ ಮೊದಲೇ ಸಿಗುವ ಗುರುತು, ಬರುವ ಹೋಸು ಕಾಲಿನಿಂದ ಒತ್ತಿದಾಗ ಮೆತ್ತಗಾಗಿರುವುದು. ಆಗ ಬ್ರಾಂಚಿನಲ್ಲಿ ನೀರು ಕಡಿಮೆಯಾಯಿತೆಂದು ಎಂಜಿನ್ ವೇಗ ಹೆಚ್ಚಿಸಿದರೆ ಹೋಸು ಚಪ್ಪಟೆಯಾಗಿ, ಬರುತ್ತಿದ್ದ ನೀರೂ ನಿಲ್ಲುತ್ತದೆ. ವೇಗ ಇಳಿಸಿ, ಕೆರೆಯ ಬಳಿಯವರಿಗೆ ವಾಕಿಟಾಕಿಯಲ್ಲಿ ತಿಳಿಸುವುದೇ ಸರಿ. ಬೆಂಕಿಯ ಕಡೆ ಬ್ರಾಂಚನ್ನು ಥಟ್ಟನೆ ಮುಚ್ಚಿದರೂ ತೊಂದರೆಯೇ, ಹರಿಯುತ್ತಿದ್ದ ನೀರಿನ ಹೊಡೆತ ಹಿಂದಕ್ಕೆ ಸಾಗಿ ಹೋಸು ಸೀಳಬಹುದು. ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡುವ ಜಾಗವಿದ್ದರೆ ಎರಡು ಸಾಲುಗಳನ್ನೂ ಅಂಚಿಗೆ ಸರಿಸಿ, ದಾಟುವೆಡೆ ರ‍್ಯಾಂಪ್ ಇಟ್ಟು ಒಬ್ಬರನ್ನು ಕಾವಲು ನಿಲ್ಲಿಸಬೇಕು.

ಕೆಲಸ ಮುಗಿದಾಗ ಮೊದಲು ಬೆಂಕಿಯ ಕಡೆಯ ಪಂಪಿನ ಒತ್ತಡವನ್ನು ನಿಧಾನವಾಗಿ ಇಳಿಸಬೇಕು, ಕೆರೆಯ ಪಂಪು ಕಡೆಗೆ ನಿಲ್ಲಬೇಕು. ಕೆರೆಯ ನೀರಿನ ಜೊತೆ ಬಂದ ನುಣ್ಣನೆಯ ಮರಳು ಪಂಪಿನ ಸೀಲುಗಳನ್ನು ಸವೆಸುವುದರಿಂದ, ಠಾಣೆಗೆ ಮರಳಿದ ಕೂಡಲೇ ಪಂಪು ಮತ್ತು ಹೋಸುಗಳಲ್ಲಿ ಶುದ್ಧ ನೀರು ಹರಿಸಿ ತೊಳೆದು, ಸಕ್ಷನ್ ವಾಷರುಗಳನ್ನು ಎಣಿಸಿ ಇಡಬೇಕು. ನಮಸ್ಕಾರ.